ಬಂತೇನ್ಲಾ, ಬಸ್ ಬಂತೇನ್ಲಾ

ಮದ್ದೂರಿಂದ ಮಂಡ್ಯಕ್ಕೆ ಟ್ರೈನಲ್ಲಿ ಓಡಾಡೋರಿಗೆಲ್ಲ "ವಡೆ ವಡೆ, ಮದ್ದೂರ್ ವಡೆ" ಅನ್ನೋ ಕೂಗು ಬಾಯಿಪಾಠ. ಯಾರೂ ಕೂತು ಕಲಿತಿದ್ದಲ್ಲ. ಒಂದಿನ ನಾನು ಫೋನಿನ ಟ್ಯೂನರ್ ಆನ್ ಮಾಡಿ ಒಬ್ಬ ಅಣ್ಣನ ಕೂಗು ಕೇಳಿದೆ. ಅದರಲ್ಲಿದ್ದದ್ದು ಹೆಚ್ಚುಕಮ್ಮಿ ಎರಡೇ ಸ್ವರ. "ಮದ್ದೂರ್" ಬಂದಾಗ ಒಂದು ಮೆಟ್ಟಿಲು ಮೇಲೆ, ಕೊನೆಯ "ವಡೆ"ಗೆ ವಾಪಸ್ ಕೆಳಗೆ. ಮೂರು ಸಲ "ವಡೆ", ಮಧ್ಯೆ ಒಂದು ಬದಲಾವಣೆ. ಹಾಡು ಬರೆಯೋರು ಹುಕ್ ಅಂತ ಕರೆಯೋದು ಇದನ್ನೇ.

ಈ ಸಲ ನಮ್ಮ ಕ್ಲಬ್ಬಿನ ಸ್ಕಿಟ್‌ಗೆ ಒಂದು ಹುಕ್ ಬೇಕಿತ್ತು. ಕಥೆ ಮಳವಳ್ಳಿ ಬಸ್ಸಿಗೆ ಕಾಯೋ ಹುಡುಗರದ್ದು. ಮಾತು ಹುಡುಕೋ ಕಷ್ಟ ಇರಲಿಲ್ಲ. ನನ್ನ ಮಳವಳ್ಳಿ ಫ್ರೆಂಡ್ ದಿನಾ ಸಂಜೆ ಹೇಳೋದೇ ಅದು: "ಬಂತೇನ್ಲಾ, ಬಸ್ ಬಂತೇನ್ಲಾ?" ಅವನ ಬಾಯಲ್ಲೇ ಅರ್ಧ ರಾಗ ಇದೆ. "ತೇನ್" ಮೇಲೇರುತ್ತೆ, "ಲಾ" ಸ್ವಲ್ಪ ಇಳಿಯುತ್ತೆ. ಮಾತು ಏರೋ ಕಡೆ ರಾಗ ಇಳಿದರೆ ಪ್ರಶ್ನೆ ಕೇಳಿದ ಹಾಗೇ ಇರಲ್ಲ. ಹಾಗಾಗಿ ಮೊದಲ ಕೆಲಸ ಆ ಏರಿಳಿತವನ್ನ ಹಾಗೇ ಉಳಿಸಿಕೊಳ್ಳೋದು. ಎಷ್ಟು ಏರಬೇಕು ಅನ್ನೋದು ಎರಡನೇ ಪ್ರಶ್ನೆ.

ಅದಕ್ಕೆ ಬೇಕಂತಲೇ ಮೂರು ರೀತಿ ಮಾಡಿದ್ವಿ. ಒಂದನೇದು ಪೂರ್ತಿ ಒಂದೇ ಸ್ವರ: ಸ ಸ ಸ, ಸ ಸ ಸ ಸ. ಎರಡನೇದು ಸ ಗ ರಿ, ಸ ಸ ಗ ರಿ. ಇದನ್ನ ಎರಡು ಸಲ ಹಾಗೇ ಹೇಳಿ, ಮೂರನೇ ಸಲ ಮಾತ್ರ ಕೊನೆಯನ್ನ ಸ ಸ ಪ ಗ ಅಂತ ಎತ್ತೋದು. ಮೂರನೇದರಲ್ಲಿ ಪ್ರತಿ "ತೇನ್" ಕೂಡ ಮೇಲಿನ ಸ, ಅಂದ್ರೆ ಒಂದು ಪೂರ್ತಿ ಆಕ್ಟೇವ್ ಜಿಗಿತ. ಹಾಸ್ಟೆಲಲ್ಲಿ ಕೆಲವರಿಗೆ ಎರಡೆರಡು ಸಲ ಹಾಡಿ ತೋರಿಸಿ, ಮಾರನೇ ದಿನ ಮೆಸ್ಸಲ್ಲಿ "ಹಾಡ್ರೋ" ಅಂದ್ವಿ.

ಒಂದನೇದರ ಮಾತು ಎಲ್ಲರಿಗೂ ನೆನಪಿತ್ತು, ರಾಗ ಮಾತ್ರ ಒಬ್ಬೊಬ್ಬರದು ಒಂದೊಂದು. ಅಟೆಂಡೆನ್ಸ್ ಕೂಗಿದ ಹಾಗಿತ್ತು. ಮೂರನೇದರಲ್ಲಿ "ಎಲ್ಲೋ ಮೇಲಕ್ಕೆ ಹೋಗುತ್ತೆ" ಅನ್ನೋದು ನೆನಪಿತ್ತು, ಆದರೆ ಮೇಲಿನ ಸ ಮುಟ್ಟದೆ ಪ ಹತ್ತಿರಾನೋ ಧ ಹತ್ತಿರಾನೋ ನಿಂತರು. ಎರಡನೇದನ್ನ ಹೆಚ್ಚಿನವರು ಹೇಳಿಕೊಟ್ಟ ಹಾಗೇ ಹಾಡಿದರು. ಇದು ಪ್ರಯೋಗ ಅನ್ನೋ ಅಷ್ಟು ದೊಡ್ಡದಲ್ಲ. ಆದರೆ ಕಾರಣ ಊಹಿಸಬಹುದು.

1978ರಲ್ಲಿ ಡೌಲಿಂಗ್ ಅನ್ನೋ ಮನಶ್ಶಾಸ್ತ್ರಜ್ಞ ರಾಗದ ನೆನಪನ್ನ ಎರಡು ಭಾಗವಾಗಿ ನೋಡಿದರು: ಏರಿಳಿತದ ಆಕಾರ ಒಂದು, ಸ್ವರಗಳ ಮೆಟ್ಟಿಲು ಇನ್ನೊಂದು. ಒಂದೇ ಸ್ವರ ಇದ್ರೆ ಹಿಡಿದುಕೊಳ್ಳೋಕೆ ಆಕಾರಾನೇ ಇಲ್ಲ. ಆಕ್ಟೇವ್ ಇದ್ರೆ ಆಕಾರ ಸಿಗುತ್ತೆ, ಗಂಟಲು ಬರಲ್ಲ. ನಾವು ಹುಕ್ಕನ್ನ ನೆನಪಿಟ್ಟುಕೊಳ್ಳೋದು ಗುನುಗಿ ಗುನುಗಿ. ಗುನುಗೋಕಾಗದ ಜಾಗವನ್ನ ಬಾಯಿ ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತೆ, ಆಮೇಲೆ ನೆನಪಲ್ಲಿ ಉಳಿಯೋದು ಆ ತಿದ್ದಿದ್ದೇ.

ಲೆಕ್ಕದಲ್ಲೇ ನೋಡಿ. ಹುಡುಗರ ಸ 147 ಹರ್ಟ್ಸ್ ಅಂತಿಟ್ಟುಕೊಳ್ಳಿ, ಪ ಸುಮಾರು 220. ಹುಡುಗಿಯರು ಒಂದು ಆಕ್ಟೇವ್ ಮೇಲೆ, 294ರಿಂದ 440. ಎಲ್ಲರಿಗೂ ಆರಾಮ. ಆದರೆ ಕ್ಯಾಂಪಸ್ಸಲ್ಲಿ ಶ್ರುತಿ ಪೆಟ್ಟಿಗೆ ಹಿಡ್ಕೊಂಡು ಯಾರೂ ಹಾಡಲ್ಲ. ಜೋಶಲ್ಲಿ ಯಾರೋ ನಾಲ್ಕು ಸೆಮಿಟೋನ್ ಮೇಲೆ, 185ಕ್ಕೆ ಶುರು ಮಾಡ್ತಾರೆ. ಆಗಲೂ ಎರಡನೇ ರೀತಿಯಲ್ಲಿ ಹುಡುಗಿಯರ ಪ 554ರ ಸುತ್ತ, ಕಷ್ಟಪಟ್ಟರೆ ಸಿಗುತ್ತೆ. ಆಕ್ಟೇವ್ ರೀತಿಯಲ್ಲಿ 740 ಹತ್ತಬೇಕು, ಅದು ಕಿರುಚಾಟ. ರೇಂಜ್ ಕಮ್ಮಿ ಇದ್ದಷ್ಟೂ ಎಲ್ಲಿ ಶುರು ಮಾಡಿದ್ರೂ ನಡೆಯುತ್ತೆ. ನಮ್ಮ ಡಿಸೈನ್ ಕ್ಲಾಸಿನ ಸೇಫ್ಟಿ ಮಾರ್ಜಿನ್ ಇದ್ದ ಹಾಗೆ.

ನಂಬಿಕೆ ಬರದಿದ್ರೆ ಬರ್ತ್‌ಡೇ ಹಾಡು ನೆನಪಿಸಿಕೊಳ್ಳಿ. ಮೊದಲೆರಡು ಸಾಲು ಪಂಚಮದೊಳಗೇ ಇರುತ್ತೆ, ಇಡೀ ಹಾಸ್ಟೆಲ್ ಒಂದೇ ದನಿ. ಮೂರನೇ ಸಾಲಲ್ಲಿ, ಹೆಸರು ಬರೋ ಮುಂಚೆ, ಆಕ್ಟೇವ್ ಜಿಗಿತ ಇದೆ. ಅಲ್ಲೇ ಎಲ್ಲರ ದನಿ ಒಡೆಯೋದು. ಆದ್ರೂ ಹಾಡು ಮರೆತಿಲ್ಲ ಯಾಕೆ? ಜಿಗಿತ ಒಂದೇ ಒಂದು, ಅದೂ ಒಂದೇ ಥರದ ಎರಡು ಸಾಲು ಆದಮೇಲೆ. ನಮ್ಮ ಮೂರನೇ ಸಲದ ಪ ಮಾಡೋದೂ ಇಷ್ಟೇ ಕೆಲಸ. ಎರಡು ಸಲ ಕೇಳಿ ಕಿವಿ "ಇನ್ನು ಇದೇ" ಅಂದುಕೊಂಡಾಗ ಒಂದು ಕಡೆ ಮಾತ್ರ ತಪ್ಪಿಸೋದು. ಪ್ರತಿ ಸಲವೂ ಎತ್ತಿದ್ರೆ ಅದು ವಿಶೇಷ ಅನ್ನಿಸಲ್ಲ.

ನೀವೂ ಹುಕ್ ಮಾಡಿದ್ರೆ ಹಾಡಿ ತೋರಿಸಿ ಚಪ್ಪಾಳೆಗೆ ಕಾಯಬೇಡಿ. ಮಾರನೇ ದಿನ ಹಾಡೋಕೆ ಬರದೇ ಇರೋ ಒಬ್ಬರನ್ನ ಹಿಡಿದು ಹಾಡಿಸಿ. ಅವರು ಎಲ್ಲಿ ನಿಮ್ಮ ರಾಗ ಬದಲಾಯಿಸ್ತಾರೋ ಅಲ್ಲಿ ರೇಂಜ್ ಜಾಸ್ತಿ ಆಗಿದೆ, ಇಲ್ಲಾ ಆಕಾರ ಸಾಲದು. ಎಷ್ಟೋ ಸಲ ಅವರು ಬದಲಾಯಿಸಿದ್ದೇ ಚೆನ್ನಾಗಿರುತ್ತೆ. ಹಾಗಿದ್ರೆ ಅದನ್ನೇ ಇಟ್ಟುಕೊಳ್ಳಿ.