ದೊಡ್ಡಪ್ಪ ಕೆಳಗಿಡದ ಎಲೆಗಳು

ಈ ಬೇಸಿಗೆಯಲ್ಲಿ ಹಾಸನದ ಹತ್ತಿರದ ನಮ್ಮ ಊರಿನಲ್ಲಿ ಮನೆಯವರೆಲ್ಲ ಸೇರಿದ್ದೆವು. ಹೈದರಾಬಾದಿನಿಂದ ನಾನು, ಪುಣೆಯಿಂದ ತಂಗಿ. ಊಟವಾದ ಮೇಲೆ ಪಡಸಾಲೆಯಲ್ಲಿ ಜಮಖಾನ ಹಾಸಿ ರಮ್ಮಿಗೆ ಕೂತಾಗ, ಹಿರಿಯರು ಎರಡು ಮಾತಾಡಲಿ ಎಂದು ಯಾರೋ ಅಂದರು. ಎಪ್ಪತ್ತೆಂಟರ ದೊಡ್ಡಪ್ಪ ಕೈಯಲ್ಲಿದ್ದ ಇಸ್ಪೀಟಿನ ಕಟ್ಟನ್ನು ಕೆಳಗಿಡದೆ ಶುರುಮಾಡಿದರು.

"ಹದಿಮೂರು ಎಲೆ ಬರೋದು ಅದೃಷ್ಟ. ಅದಕ್ಕೆ ಯಾರೂ ಜವಾಬ್ದಾರರಲ್ಲ. ಕೆಟ್ಟ ಎಲೆ ಬಂದರೆ ಮೊದಲೇ ಡ್ರಾಪ್ ಮಾಡಿದರೆ ಇಪ್ಪತ್ತು ಪಾಯಿಂಟ್ ಹೋಗುತ್ತೆ, ಆಡಿ ಬಿಟ್ಟರೆ ನಲವತ್ತು. ಕೊನೇವರೆಗೂ ಕೂತು, ಜೋಕರ್ ಇಲ್ಲದ ಒಂದು ಸೀಕ್ವೆನ್ಸೂ ಆಗದಿದ್ದರೆ ಎಂಬತ್ತರವರೆಗೂ ಹೋಗಬಹುದು. ಜಾಣತನ ಅಂದರೆ ಇದನ್ನ ಲೆಕ್ಕ ಹಾಕೋದು."

ಆಮೇಲೆ ಉದಾಹರಣೆ ಕೊಟ್ಟರು. ಕೈಯಲ್ಲಿ ಆಟೀನ್ ರಾಜ, ಆಟೀನ್ ಗುಲಾಮ. ಬೇಕಾದದ್ದು ರಾಣಿ. ಎರಡು ಕಟ್ಟಿನ ಆಟದಲ್ಲಿ ಆಟೀನ್ ರಾಣಿ ಇರುವುದೇ ಎರಡು, ಅದರಲ್ಲಿ ಒಂದನ್ನು ಯಾರೋ ಆಗಲೇ ಎಸೆದಾಗಿದೆ. ಉಳಿದದ್ದು ಇನ್ನೊಬ್ಬರ ಕೈಯಲ್ಲೂ ಇರಬಹುದು. ಆದರೂ ರಾಜ, ಗುಲಾಮ ಎರಡನ್ನೂ ಹಿಡಿದು ಕೂರುವವನು ಇಪ್ಪತ್ತು ಪಾಯಿಂಟಿನ ಭಾರ ಹೊತ್ತು ಕೂತ ಹಾಗೆ.

ಇಲ್ಲಿಯವರೆಗೆ ಎಲ್ಲರೂ ನಗುತ್ತಿದ್ದೆವು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು 1967ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ನಮ್ಮ ಸಿಕಂದರಾಬಾದಿನ ಕ್ಲಬ್ಬಿನ ಕೇಸಿನಲ್ಲಿ ಎಂದು ನಾನೂ ನನ್ನ ಜ್ಞಾನ ತೂರಿಸಿದೆ. ದೊಡ್ಡಪ್ಪ ನನ್ನ ಕಡೆ ನೋಡಲಿಲ್ಲ, ಅಪ್ಪನ ಕಡೆ ನೋಡಿದರು.

"ನಾನು ಗಿರಣಿಯನ್ನ ಹಾಗೇ ಹಿಡ್ಕೊಂಡು ಕೂತೆ. ಪಕ್ಕದ ಊರಿಗೆ ಹೊಸ ಮಿಲ್ ಬಂದಾಗಲೇ ಭತ್ತ ತರೋರು ಅರ್ಧ ಆದರು. ಅವತ್ತೇ ಮುಚ್ಚಿದ್ದರೆ ಮಷೀನಿನ ದುಡ್ಡಷ್ಟೇ ಹೋಗ್ತಿತ್ತು. ಮುಂದಿನ ಸುಗ್ಗಿಗೆ ಸರಿಹೋಗುತ್ತೆ ಅಂತ ಒಂಬತ್ತು ವರ್ಷ ಕಾದೆ. ಕೆರೆ ಕೆಳಗಿನ ಎರಡು ಎಕರೆ ಹೋಯ್ತು. ಅದರಲ್ಲಿ ನಿನ್ನದೂ ಪಾಲಿತ್ತು ಕಣೋ. ಅದೃಷ್ಟ ಸರಿಯಿರಲಿಲ್ಲ ಅಂತ ಇಷ್ಟು ವರ್ಷ ಎಲ್ಲರ ಹತ್ರ ಹೇಳ್ಕೊಂಡು ಬಂದೆ. ಎಲೆ ಕೆಟ್ಟದ್ದೇ. ಆದರೆ ಬಿಡದೇ ಇದ್ದದ್ದು ನಾನು."

ಪಡಸಾಲೆಯಲ್ಲಿ ಸದ್ದಿಲ್ಲ. ಆ ಎರಡು ಎಕರೆಯ ಮಾತು ಬಂದಾಗಲೆಲ್ಲ ಅಪ್ಪ ಎದ್ದು ಹೊರಗೆ ಹೋಗುವುದನ್ನು ನೋಡಿಕೊಂಡೇ ನಾನು ಬೆಳೆದವನು.

ದೊಡ್ಡಪ್ಪನ ಹೋಲಿಕೆ ಪೂರ್ತಿ ಸರಿ ಎಂದು ನನಗೀಗಲೂ ಅನ್ನಿಸುವುದಿಲ್ಲ. ರಮ್ಮಿಯಲ್ಲಿ ಬಿಟ್ಟರೆ ಎಷ್ಟು ಹೋಗುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಗಿರಣಿಯ ಬಾಗಿಲ ಮೇಲೆ ಯಾರೂ ಇಪ್ಪತ್ತು, ನಲವತ್ತು ಎಂದು ಬರೆದಿರಲಿಲ್ಲ. ನಾಲ್ಕು ಜನ ಕೆಲಸದವರ ಮನೆಯೂ ಅದರ ಮೇಲೇ ನಡೆಯುತ್ತಿತ್ತು. ಇದನ್ನು ಅವರು ಹೇಳಲಿಲ್ಲ. ಅಮ್ಮ ಆಮೇಲೆ ಅಡುಗೆಮನೆಯಲ್ಲಿ ಹೇಳಿದ್ದು.

ಅಪ್ಪ ಈ ಸಲ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತು ಜಮಖಾನದ ಅಂಚು ಸರಿಮಾಡುತ್ತ ಕೂತಿದ್ದು, "ಎಲೆ ಹಾಕಣ್ಣ, ಹೊತ್ತಾಯ್ತು" ಅಂದರು.

ದೊಡ್ಡಪ್ಪ ಹಂಚಿದರು. ಕೈ ನಡುಗಿ ಅಪ್ಪನಿಗೆ ಹದಿನಾಲ್ಕು ಎಲೆ ಹೋಗಿತ್ತು. ಅಪ್ಪ ಎಣಿಸಿ, ಒಂದನ್ನು ಮಾತಿಲ್ಲದೆ ಹಿಂದಕ್ಕೆ ಕೊಟ್ಟರು.