ಕ್ರಿಯಾಪದ ಬರೋ ತನಕ ಕಾಯಬೇಕಾ?

ಈ ಸಲ ಹಾಸ್ಟೆಲ್ ಅಡ್ಮಿಷನ್ ಸಮಯದಲ್ಲಿ ನಾನು ಬರೆದ ಒಂದು ವಾಕ್ಯದಿಂದ ಒಬ್ಬ ತಂದೆಗೆ ಎರಡು ದಿನದ ಕೂಲಿ ಮತ್ತು ಒಂದು ಸಲದ ಬಸ್ ಚಾರ್ಜು ಹೋಯಿತು. ವಾಕ್ಯದಲ್ಲಿ ವ್ಯಾಕರಣದ ತಪ್ಪಿರಲಿಲ್ಲ, ಕಾಗುಣಿತದ ತಪ್ಪೂ ಇರಲಿಲ್ಲ. ಅದೇ ಈ ಬರಹಕ್ಕೆ ಕಾರಣ.

ಆಗಿದ್ದು ಇಷ್ಟು. ಫಸ್ಟ್ ಇಯರ್ ಮಕ್ಕಳ ಪೋಷಕರಿಗೆ ವಾಟ್ಸಾಪ್‌ನಲ್ಲಿ ಕಳಿಸೋಕೆ ಒಂದು ನೋಟಿಸ್ ಬೇಕಿತ್ತು. ಇಂಗ್ಲಿಷ್‌ನಲ್ಲಿ ರೆಡಿ ಇತ್ತು, "ಕನ್ನಡ ಸಂಘದವರು ಕನ್ನಡದಲ್ಲಿ ಬರೆದುಕೊಡಿ" ಅಂದರು. ನಾನು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ನೋಟಿಸ್ ಬರೆಯೋದು ಅಂದ್ರೆ ಸರ್ಕಾರಿ ಕಚೇರಿ ಥರ ಕಾಣಬೇಕು ಅಂತ ನನ್ನ ತಲೆಯಲ್ಲಿತ್ತು. ಹಾಗಾಗಿ "ಆತ್ಮೀಯ ಪೋಷಕರೇ, ನಿಮಗೆಲ್ಲರಿಗೂ ಹೃತ್ಪೂರ್ವಕ ಸ್ವಾಗತ" ಅಂತ ಶುರು ಮಾಡಿ, ಆಮೇಲೆ ಈ ವಾಕ್ಯ ಬರೆದೆ:

"ಹಾಸ್ಟೆಲ್ ಪ್ರವೇಶಕ್ಕೆ ಅರ್ಜಿ ಸಲ್ಲಿಸಿರುವ ಪ್ರಥಮ ವರ್ಷದ ವಿದ್ಯಾರ್ಥಿಗಳ ಪೋಷಕರು 12ರ ಮಂಗಳವಾರ ಬೆಳಿಗ್ಗೆ 10 ಗಂಟೆಯಿಂದ ಮಧ್ಯಾಹ್ನ 1 ಗಂಟೆಯವರೆಗೆ ನಡೆಯಲಿರುವ ದಾಖಲೆ ಪರಿಶೀಲನೆಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಹತ್ತನೇ ತರಗತಿ ಹಾಗೂ ಪಿಯುಸಿ ಅಂಕಪಟ್ಟಿ, ಆಧಾರ್ ಕಾರ್ಡ್ ಇವುಗಳ ಎರಡು ಜೆರಾಕ್ಸ್ ಪ್ರತಿಗಳೊಂದಿಗೆ, ಪರಿಶೀಲನೆಯ ನಂತರ ಹಿಂತಿರುಗಿಸಲಾಗುವ ಮೂಲ ಪ್ರತಿಗಳನ್ನೂ ತೆಗೆದುಕೊಂಡು, ವಿದ್ಯಾರ್ಥಿಯ ಜೊತೆಯಲ್ಲಿ ಹಾಸ್ಟೆಲ್ ಕಚೇರಿಗೆ ಬರತಕ್ಕದ್ದು."

ಬರೆದು ಮುಗಿಸಿದಾಗ ನನಗೆ ಭಾರಿ ಹೆಮ್ಮೆ. "ಬರತಕ್ಕದ್ದು" ಅಂತ ಬರೆದಿದ್ದೆ ಕಣ್ರೀ!

ಮಂಗಳವಾರ ಹೆಲ್ಪ್ ಡೆಸ್ಕ್‌ನಲ್ಲಿ ಕೂತಿದ್ದಾಗ ಸಿಂಧನೂರು ಕಡೆಯಿಂದ ರಾತ್ರಿ ಬಸ್ಸಿಗೆ ಬಂದ ಒಬ್ಬರು ಮಗನ ಜೊತೆ ನಿಂತಿದ್ದರು. ಕೈಯಲ್ಲಿ ಎಲ್ಲಾ ಜೆರಾಕ್ಸ್ ಇತ್ತು, ಒಂದೂ ಒರಿಜಿನಲ್ ಇರಲಿಲ್ಲ. ಒಳಗೆ ಒಪ್ಪಲಿಲ್ಲ. "ಅಂಕಲ್, ಮೆಸೇಜಲ್ಲಿ ಬರೆದಿತ್ತಲ್ವಾ?" ಅಂದೆ. ಅವರು ಸಿಟ್ಟಾಗಲಿಲ್ಲ. ಫೋನ್ ತೆಗೆದು ತೋರಿಸಿದರು.

"ಮೂರು ಸಲ ಓದೀನಿ ತಮ್ಮಾ. ಎಲ್ಲಿ ಶುರುವಾತು, ಎಲ್ಲಿ ಮುಗೀತು ತಿಳೀಲಿಲ್ಲ."

ಅವರ ಫೋನಲ್ಲಿ ಅಕ್ಷರದ ಗಾತ್ರ ತುಂಬಾ ದೊಡ್ಡದಾಗಿತ್ತು. ಚಾಳೀಸು ಬಂದವರು ಬಹಳಷ್ಟು ಜನ ಹಾಗೇ ಇಟ್ಟುಕೊಳ್ಳುತ್ತಾರೆ. ಒಂದು ಸಾಲಿಗೆ ಮೂರೇ ಪದ. ನನ್ನ ಫೋನಲ್ಲಿ ಒಂದು ಪ್ಯಾರಾ ಥರ ಕಂಡಿದ್ದು ಅಲ್ಲಿ ಗೋಡೆ ಥರ ನಿಂತಿತ್ತು.

ಅವತ್ತು ರಾತ್ರಿ ರೂಮ್‌ಮೇಟ್ ಫೋನಲ್ಲೂ ಅಕ್ಷರ ಅಷ್ಟೇ ದೊಡ್ಡದು ಮಾಡಿ, ನನ್ನ ವಾಕ್ಯವನ್ನ ಎಣಿಸುತ್ತಾ ಕೂತೆ. ಒಟ್ಟು 45 ಪದ. ಯಾರು ಬರಬೇಕು ಅನ್ನೋದು, ಅಂದ್ರೆ "ಪೋಷಕರು", 8ನೇ ಪದ. ಏನು ಮಾಡಬೇಕು ಅನ್ನೋದು, ಅಂದ್ರೆ "ಬರತಕ್ಕದ್ದು", 45ನೇ ಪದ. ಮಧ್ಯೆ 36 ಪದ. ಸಾಲಿಗೆ ಮೂರು ಪದ ಅಂದ್ರೆ ಹದಿನೈದು ಸಾಲು. ಆ ಪರದೆಯಲ್ಲಿ ಒಮ್ಮೆಗೆ ಕಾಣೋದು ಹನ್ನೆರಡು. ಕ್ರಿಯಾಪದ ಸಿಗೋ ಹೊತ್ತಿಗೆ ಕರ್ತೃಪದ ಪರದೆಯ ಮೇಲಿಂದ ಜಾರಿ ಹೋಗಿರುತ್ತೆ. "ಮೂಲ ಪ್ರತಿ" ಇದ್ದಿದ್ದು 38ನೇ ಪದದಲ್ಲಿ, ಕೆಳಗೆ ಉಜ್ಜಿದ ಮೇಲೆ ಸಿಗೋ ಜಾಗದಲ್ಲಿ.

ಇಲ್ಲೇ ನನಗೆ ಒಂದು ವಿಷಯ ಹೊಳೆದಿದ್ದು. ಇಂಗ್ಲಿಷ್ ನೋಟಿಸ್ ಕೂಡ ಉದ್ದನೇ ವಾಕ್ಯವೇ. ಆದರೆ ಅಲ್ಲಿ "ಪೋಷಕರು ಬರಬೇಕು" ಅನ್ನೋದು ಮೊದಲೇ ಬಂದುಬಿಡುತ್ತೆ. ಯಾವಾಗ, ಎಲ್ಲಿಗೆ, ಏನು ಹಿಡ್ಕೊಂಡು ಅನ್ನೋದೆಲ್ಲ ಅದರ ಹಿಂದೆ ರೈಲು ಬೋಗಿ ಥರ ಬರುತ್ತೆ. ಕನ್ನಡದಲ್ಲಿ ಎಂಜಿನ್ ಕೊನೆಗೆ. ಬೋಗಿಗಳೆಲ್ಲ ಮುಂದೆ ಬಂದು, ಓದುಗ ಅವನ್ನೆಲ್ಲ ತಲೆಯಲ್ಲಿ ಹಿಡ್ಕೊಂಡು ಕಾಯ್ತಾ ಇರಬೇಕು. ಪುಸ್ತಕದಲ್ಲಾದ್ರೆ ಕಣ್ಣು ಎರಡು ಸಾಲು ಹಿಂದೆ ಹೋಗಿ ಬರಬಹುದು. ಫೋನಲ್ಲಿ ಹಿಂದೆ ಹೋಗೋದು ಅಂದ್ರೆ ಬೆರಳಲ್ಲಿ ಮೇಲೆ ಸರಿಸಿ, ಜಾಗ ಹುಡುಕಿ, ಮತ್ತೆ ಕೆಳಗೆ ಬರಬೇಕು. ಅಂದ್ರೆ ಇಂಗ್ಲಿಷ್‌ನಲ್ಲಿ ಓಡೋ ಉದ್ದ ಕನ್ನಡದಲ್ಲಿ ಓಡಲ್ಲ.

ಹಾಗಾದ್ರೆ ಎಲ್ಲಿ ಕತ್ತರಿಸೋದು? ನಾನು ಮೊದಲು ಮಾಡಿದ್ದು ಪೆದ್ದು ಕೆಲಸ. ವಾಕ್ಯ ಹಾಗೇ ಇಟ್ಟು, ನನ್ನ ಫೋನಲ್ಲಿ ಚೆನ್ನಾಗಿ ಕಾಣೋ ಹಾಗೆ ಐದೈದು ಪದಕ್ಕೊಂದು ಎಂಟರ್ ಹೊಡೆದೆ. ಕವಿತೆ ಥರ ಕಂಡಿತು. ರೂಮ್‌ಮೇಟ್ ಫೋನಲ್ಲಿ ನೋಡಿದ್ರೆ ಒಂದು ಸಾಲು ಮೂರು ಪದ, ಮುಂದಿನ ಸಾಲು ಎರಡು ಪದ, ಮತ್ತೆ ಮೂರು, ಮತ್ತೆ ಎರಡು. ಹಲ್ಲುದುರಿದ ಬಾಚಣಿಗೆ ಥರ. ಸಾಲನ್ನ ಎಲ್ಲಿ ಮುರಿಯಬೇಕು ಅಂತ ನಿರ್ಧರಿಸೋದು ಓದುವವರ ಫೋನ್, ಅದರ ಅಗಲ, ಅವರು ಇಟ್ಟ ಅಕ್ಷರದ ಗಾತ್ರ. ನಾನು ಎಂಟರ್ ಒತ್ತಬೇಕಾದ್ದು ವಿಷಯ ಮುಗಿದಾಗ ಮಾತ್ರ.

ಆಮೇಲೆ ವಾಕ್ಯದ ಒಳಗೆ ನೋಡಿದೆ. "ಸಲ್ಲಿಸಿರುವ", "ನಡೆಯಲಿರುವ", "ಹಿಂತಿರುಗಿಸಲಾಗುವ". ಈ ಮೂರೂ ವಾಕ್ಯದೊಳಗೆ ಸೇರಿಕೊಂಡಿರೋ ಮರಿ ವಾಕ್ಯಗಳು. "ಹಿಂತಿರುಗಿಸಲಾಗುವ ಮೂಲ ಪ್ರತಿ" ಅಂದ್ರೆ "ಮೂಲ ಪ್ರತಿ ವಾಪಸ್ ಕೊಡುತ್ತಾರೆ" ಅಂತ ತಾನೇ? ಅದನ್ನ ಹೊರಗೆ ತೆಗೆದು, ಅದಕ್ಕೇ ಒಂದು ಕ್ರಿಯಾಪದ ಕೊಟ್ಟರೆ ಎರಡೂ ವಾಕ್ಯ ಹಗುರ. "ಸಲ್ಲಿಸಿರುವ" ಬೇಕೇ ಇರಲಿಲ್ಲ, ಆ ಮೆಸೇಜ್ ಹೋಗಿದ್ದೇ ಅರ್ಜಿ ಹಾಕಿದವರಿಗೆ. ಈಗ ನಾನು ಏನೇ ಬರೆದ್ರೂ "ಇರುವ", "ಲಿರುವ", "ಲಾಗುವ" ಇವನ್ನ ಮೊದಲು ಹುಡುಕ್ತೀನಿ. ಒಂದು ವಾಕ್ಯದಲ್ಲಿ ಒಂದಿದ್ರೆ ಬಿಡ್ತೀನಿ. ಎರಡಿದ್ರೆ ಒಂದನ್ನ ಹೊರಗೆ ಕಳಿಸ್ತೀನಿ.

ಕೊನೆಗೆ ಮೆಸೇಜ್ ಹೀಗಾಯ್ತು:

```
*ಹಾಸ್ಟೆಲ್ ದಾಖಲೆ ಪರಿಶೀಲನೆ: 12, ಮಂಗಳವಾರ*

ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರ ಒಳಗೆ ಹಾಸ್ಟೆಲ್ ಆಫೀಸಿಗೆ ಬನ್ನಿ. ಮಗ ಅಥವಾ ಮಗಳು ಜೊತೆಗಿರಲಿ.

*ಒರಿಜಿನಲ್* ಮತ್ತು ಎರಡು ಜೆರಾಕ್ಸ್ ತನ್ನಿ:
- ಜಾತಿ ಮತ್ತು ಆದಾಯ ಪ್ರಮಾಣಪತ್ರ
- ಹತ್ತನೇ ತರಗತಿ ಅಂಕಪಟ್ಟಿ
- ಪಿಯುಸಿ ಅಂಕಪಟ್ಟಿ
- ಆಧಾರ್ ಕಾರ್ಡ್

ಒರಿಜಿನಲ್ ನೋಡಿ ಅಲ್ಲೇ ವಾಪಸ್ ಕೊಡುತ್ತಾರೆ.
```

ಸ್ವಾಗತದ ಸಾಲು ಹೋಯಿತು. ಫೋನ್ ಲಾಕ್ ಇದ್ದಾಗ ಮೇಲೆ ಕಾಣೋದು ಮೆಸೇಜಿನ ಮೊದಲ ಒಂದೆರಡು ಸಾಲು ಮಾತ್ರ. ಅಲ್ಲಿ "ಹೃತ್ಪೂರ್ವಕ" ಕೂತಿದ್ರೆ ತಾರೀಖಿಗೆ ಜಾಗ ಎಲ್ಲಿ? ದಪ್ಪ ಅಕ್ಷರ ಎರಡೇ ಕಡೆ. ಮೊದಲು ಐದು ಕಡೆ ಹಾಕಿದ್ದೆ, ರೂಮ್‌ಮೇಟ್ ನೋಡಿ "ಇದ್ರಲ್ಲಿ ಯಾವುದು ಮುಖ್ಯ ಮಗಾ?" ಅಂದ. ಎಲ್ಲಾ ದಪ್ಪ ಇದ್ರೆ ಯಾವುದೂ ದಪ್ಪ ಅಲ್ಲ.

ಇಷ್ಟು ಕಲಿತ ಮೇಲೆ ನನಗೆ ಸ್ವಲ್ಪ ಹುಚ್ಚು ಹಿಡಿಯಿತು ಅಂತಲೇ ಹೇಳಬೇಕು. ಇದೇ ಮ್ಯಾಗಜಿನ್‌ಗೆ ನನ್ನ ಜೂನಿಯರ್ ಒಬ್ಬಳು ಅವಳ ಅಜ್ಜಿ ಬಗ್ಗೆ ಬರೆದು ಕಳಿಸಿದ್ದಳು. ನಾನು ಎಡಿಟಿಂಗ್ ಅಂತ ಪ್ರತಿ ವಾಕ್ಯಕ್ಕೂ ಒಂದು ಪ್ಯಾರಾ ಮಾಡಿ, "ಆದ್ದರಿಂದ", "ಆದರೂ", "ಅಷ್ಟರಲ್ಲಿ" ಎಲ್ಲಾ ಕಿತ್ತು ವಾಪಸ್ ಕಳಿಸಿದೆ. ಅವಳು ಓದಿ ಹೇಳಿದ್ದು ಒಂದೇ ಮಾತು: "ಅಣ್ಣಾ, ನಮ್ಮಜ್ಜಿ ನೋಟಿಸ್ ಬೋರ್ಡ್ ಥರ ಮಾತಾಡ್ತಿದ್ದಾಳೆ."

ಸರಿಯಾಗೇ ಹೇಳಿದ್ದಳು. ಅವಳ ಬರಹದಲ್ಲಿ ಅಜ್ಜಿ ಹಾಲು ಕರೆದು, ಒಲೆ ಹಚ್ಚಿ, ಅಜ್ಜನಿಗೆ ಬೈದು, ಆಮೇಲೆ ಕೂತು ಅಡಿಕೆ ಕತ್ತರಿಸುತ್ತಾಳೆ. ಆ "ಕರೆದು, ಹಚ್ಚಿ, ಬೈದು" ಒಂದರ ಹಿಂದೆ ಒಂದು ಬರೋದ್ರಲ್ಲೇ ಅಜ್ಜಿಯ ಬೆಳಗು ಇದೆ. ಅಲ್ಲಿ ಓದುಗ ಏನನ್ನೂ ಹಿಡ್ಕೊಂಡು ಕಾಯಬೇಕಿಲ್ಲ. ಪ್ರತಿ ಕೆಲಸವೂ ಅಲ್ಲಲ್ಲೇ ಮುಗೀತಾ ಹೋಗುತ್ತೆ. ಹಾಗಾಗಿ ಉದ್ದ ಇದ್ರೂ ಭಾರ ಇಲ್ಲ. ನನ್ನ ನೋಟಿಸ್ ಕೆಟ್ಟಿದ್ದು ಬರೀ ಉದ್ದದಿಂದ ಅಲ್ಲ, ಕಾಯಿಸಿದ್ದರಿಂದ. ಅವಳ ವಾಕ್ಯಗಳನ್ನೆಲ್ಲ ಹಾಗೇ ವಾಪಸ್ ಇಟ್ಟು, ಮಾತು ತಿರುಗೋ ಕಡೆ ಮಾತ್ರ ಪ್ಯಾರಾ ಬಿಡಿಸಿದೆ. ಒಂದು ಪ್ಯಾರಾ ಮಾತ್ರ ಫೋನಲ್ಲಿ ಪೂರ್ತಿ ಒಂದು ಪರದೆ ತುಂಬ್ತಿತ್ತು. ಅಲ್ಲಿ ಅಜ್ಜ ಒಳಗೆ ಬರೋ ಜಾಗದಲ್ಲಿ ಒಂದು ಖಾಲಿ ಸಾಲು ಕೊಟ್ಟೆ.

ಅವಳ ಬರಹಕ್ಕೆ ನಿಜವಾಗಿ ಬೇಕಿದ್ದ ಸಹಾಯ ಬೇರೆ ಕಡೆ ಇತ್ತು. ನಮ್ಮ ಪುಟದಲ್ಲಿ ಸಾಲುಗಳ ನಡುವಿನ ಅಂತರ ಇಂಗ್ಲಿಷ್‌ಗೆ ಹೊಂದೋ ಹಾಗಿತ್ತು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತೆ. "ಲಕ್ಷ್ಮಿ" ನೋಡಿ, ಕ ಕೆಳಗೆ ಷ, ಅದರ ಜೊತೆ ಮ. ಕೆಳಗಿನ ಸಾಲಲ್ಲಿ ಅದೇ ಜಾಗಕ್ಕೆ ಒಂದು ಗುಡಿಸು ಬಂದ್ರೆ ಎರಡೂ ಮುಟ್ಟಿಕೊಂಡು ಕಣ್ಣು ಸಾಲು ತಪ್ಪುತ್ತೆ. ಜೊತೆಗೆ ಎರಡೂ ಅಂಚು ಸಮ ಬರೋ ಹಾಗೆ ಸೆಟ್ ಮಾಡಿದ್ವಿ. "ಹೋಗಬೇಕಾಗಿರುವುದರಿಂದ" ಥರದ ಪದ ಸಣ್ಣ ಪರದೆಯಲ್ಲಿ ಅರ್ಧ ಸಾಲಿಗಿಂತ ಜಾಸ್ತಿ ಜಾಗ ತಿನ್ನುತ್ತೆ. ಅದು ಹಿಡಿಸದೆ ಕೆಳಗೆ ಹೋದಾಗ ಮೇಲೆ ಉಳಿದ ಎರಡು ಪದಗಳನ್ನ ಎಳೆದು ಎರಡು ಅಂಚಿಗೆ ಕೂರಿಸ್ತಿತ್ತು, ಮಧ್ಯೆ ದೊಡ್ಡ ಬಯಲು. ಬದಲಾಯಿಸಿದ್ದು ಇಷ್ಟೇ:

```css
article p {
  font-size: 1.1rem;
  line-height: 1.7;
  margin-bottom: 1em;
  text-align: left;
}
```

`1.7` ಅಂದ್ರೆ ಸಾಲಿನ ಎತ್ತರ ಅಕ್ಷರದ ಗಾತ್ರದ 1.7 ಪಟ್ಟು. ಮುಂದೆ `px` ಹಾಕಿಲ್ಲ, ಯಾಕಂದ್ರೆ ಓದುವವರು ಅಕ್ಷರ ದೊಡ್ಡದು ಮಾಡಿಕೊಂಡಾಗ ಅಂತರವೂ ಜೊತೆಗೇ ಬೆಳೀಬೇಕು. `px`ನಲ್ಲಿ ಕಟ್ಟಿಹಾಕಿದ್ರೆ ಅಕ್ಷರ ಬೆಳೆದು ಒತ್ತುಗಳು ಮತ್ತೆ ಡಿಕ್ಕಿ ಹೊಡೀತವೆ.

ಸಿಂಧನೂರಿನ ಅಂಕಲ್ ಗುರುವಾರ ಒರಿಜಿನಲ್ ತಗೊಂಡು ಮತ್ತೆ ಬಂದರು. ಮಗನಿಗೆ ರೂಮ್ ಸಿಕ್ಕಿತು. ನಾನು ಹೊಸ ಮೆಸೇಜನ್ನ ಅವರ ಫೋನಿಗೇ ಕಳಿಸಿ "ಒಂದ್ಸಲ ಓದಿ ನೋಡಿ ಅಂಕಲ್" ಅಂದೆ. ಅವರು ಫೋನನ್ನ ಸ್ವಲ್ಪ ದೂರ ಹಿಡಿದು ಓದಿದರು. ಬೆರಳು ಒಂದೇ ಸಲ ಮೇಲೆ ಸರಿಯಿತು, ವಾಪಸ್ ಕೆಳಗೆ ಬರಲಿಲ್ಲ.

"ಈಗ ತಿಳೀತು ನೋಡ ತಮ್ಮಾ" ಅಂದರು. ಫೋನ್ ಜೇಬಿಗೆ ಹಾಕ್ತಾ, ನಕ್ಕೊಂಡೇ, "ಮದ್ಲ ಹಿಂಗ ಕಳ್ಸಿದ್ರ ಒಂದು ಬಸ್ ಚಾರ್ಜ್ ಉಳೀತಿತ್ತು" ಅಂದರು.