ಇರಚಲು ಅಂದ್ರೆ ಸಾಕಲ್ವಾ?

ಭದ್ರಾವತಿಯಲ್ಲಿರೋ ಚಿಕ್ಕಪ್ಪನ ಮಗಳು ಆರ್ಕಿಟೆಕ್ಚರ್ ಓದ್ತಿದಾಳೆ. ಶಿವಮೊಗ್ಗಕ್ಕೊಂದು ಬಸ್ ತಂಗುದಾಣ ಡಿಸೈನ್ ಮಾಡಿ, ಪೋರ್ಟ್‌ಫೋಲಿಯೋದಲ್ಲಿ ಬರೆದಿದ್ದಳು: "ಪ್ರಕೃತಿ ಮತ್ತು ಮಾನವನ ಸಾವಯವ ಸಂವಾದ." ಈ ಸಾಲನ್ನ ಯಾವ ಕಟ್ಟಡದ ಕೆಳಗಾದ್ರೂ ಅಂಟಿಸಬಹುದು. ಅಂದಮೇಲೆ ಈ ಕಟ್ಟಡದ ಬಗ್ಗೆ ಅದು ಏನೂ ಹೇಳ್ತಿಲ್ಲ.

"ಪಶ್ಚಿಮದ ಸೂರು ಯಾಕಿಷ್ಟು ತಗ್ಗು?" ಅಂದೆ.

"ಇರಚಲು ಅಣ್ಣಾ. ಮಳೆ 45 ಡಿಗ್ರಿ ಓರೆಯಾಗಿ ಬಿದ್ರೆ, 10 ಅಡಿ ಎತ್ತರದ ಸೂರಿನಂಚಿಂದ 10 ಅಡಿ ಒಳಗೆ ನೆನೆಯುತ್ತೆ. ಸೂರು 7 ಅಡಿಗಿಳಿದ್ರೆ 7 ಅಡಿ ಅಷ್ಟೇ. ಬೆಂಚು ಅದರಾಚೆ ಇಟ್ಟಿದೀನಿ. ಬೆಳಕು ಕಮ್ಮಿಯಾಗುತ್ತೆ, ಅದಕ್ಕೇ ಪೂರ್ವದ ಸೂರು ಎತ್ತರ."

"ಇದನ್ನೇ ಬರಿ!"

ಬರೆದಳು. ತೊಂದರೆ, ನಿರ್ಧಾರ, ಅದಕ್ಕೆ ತೆತ್ತ ಬೆಲೆ, ಮೂರೂ ಬಂದವು. ಈಗ ಆ ಮಾತು ಬೇರೆ ನಕ್ಷೆಗೆ ಅಂಟೋದಿಲ್ಲ :)